ಹತ್ತು ದಿನ ಕಳೆದು ಹೇಳಿದ ತಾರೀಖು

‘ಅನಿವಾರ್ಯ ಕಾರಣಗಳಿಂದ ವಿಳಂಬವಾಗಿದ್ದು, ತಮಗಾದ ಅನಾನುಕೂಲತೆಗೆ ವಿಷಾದಿಸುತ್ತೇವೆ.’

ಈ ಸಾಲನ್ನು ನಾನು ಎಷ್ಟು ಸಲ ಟೈಪ್ ಮಾಡಿದ್ದೇನೋ ದೇವರಿಗೇ ಗೊತ್ತು. ಬ್ರಹ್ಮಾವರದಿಂದ ಸಾಲಿಗ್ರಾಮಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿ ನಮ್ಮ ನೇಕಾರರ ಸೊಸೈಟಿಯ ಆಫೀಸು. ಕೆಳಗೆ ಸೀರೆ ಮಾರುವ ಅಂಗಡಿ, ಮೇಲೆ ಒಂದು ಕಂಪ್ಯೂಟರು, ನಾನು ಮತ್ತು ಕಾರ್ಯದರ್ಶಿ. ಆನ್‌ಲೈನಿನಲ್ಲಿ ಸೀರೆ ಬುಕ್ ಮಾಡಿದವರಿಗೆಲ್ಲ ಉತ್ತರ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ನನಗೆ ಸಿಟ್ಟು ಸ್ವಲ್ಪ ಜಾಸ್ತಿ. ಮಗ್ಗದ ಸೀರೆಯನ್ನು ಹೋಟೆಲಿನ ದೋಸೆಯ ಹಾಗೆ ಈಗಲೇ ಬೇಕು ಎನ್ನುವವರಿಗೆ ಈ ಒಂದು ಸಾಲು ಬಿಸಾಡಿದರೆ ಸಾಕು ಎಂದುಕೊಂಡಿದ್ದೆ. ಅನಿವಾರ್ಯ ಕಾರಣ ಎಂದರೆ ಏನು ಮಣ್ಣಾಂಗಟ್ಟಿ ಎಂದು ಯಾರೂ ತಿರುಗಿ ಕೇಳುತ್ತಿರಲಿಲ್ಲ.

ಒಂದೇ ಒಂದು ಸಲ ನಾನು ನೆಟ್ಟಗೆ, ಮನಸ್ಸಿಟ್ಟು ಕ್ಷಮೆ ಕೇಳಿ ಬರೆದೆ. ಆ ಪತ್ರದಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಎರಡು ವರ್ಷವಾಯಿತು, ಈಗಲೂ ಅದು ನನ್ನ ಎದೆಯ ಮೇಲೆ ಕೂತಿದೆ.

ಸೀರೆ ಬುಕ್ ಮಾಡಿದವರು ಪುಣೆಯಲ್ಲಿರುವ ಒಬ್ಬ ಹೆಂಗಸು. ತಾಯಿಯ ಕಡೆಯಿಂದ ಉಪ್ಪುಂದದವರಂತೆ. ತಾಯಿಗೆ ಎಂಬತ್ತು ತುಂಬುತ್ತದೆ, ಏಪ್ರಿಲ್ ಮೊದಲ ವಾರದಲ್ಲಿ ಮನೆಯಲ್ಲೇ ಒಂದು ಪೂಜೆ, ಅಮ್ಮ ಹುಡುಗಿಯಾಗಿದ್ದಾಗ ಊರಿನಲ್ಲಿ ಉಡುತ್ತಿದ್ದಂಥ ಕೈಮಗ್ಗದ ಸೀರೆಯೇ ಬೇಕು, ಪಾಚಿ ಹಸಿರು ಮೈ, ಕುಂಕುಮ ಬಣ್ಣದ ಅಗಲ ಅಂಚು ಎಂದು ಕನ್ನಡದಲ್ಲೇ ಬರೆದಿದ್ದರು. ಮಾರ್ಚ್ ಹತ್ತಕ್ಕೆ ನಿಮ್ಮ ಕೈಗೆ ಎಂದು ನಾವು ಒಪ್ಪಿಕೊಂಡಿದ್ದೆವು.

ನೇಯುವುದಕ್ಕೆ ಕೂತವರು ಕೊಕ್ಕರ್ಣೆ ಕಡೆಯ ಒಬ್ಬ ಅಕ್ಕ. ಅರವತ್ತಾರು ದಾಟಿತ್ತು. ಮನೆಯ ಎದುರು ಕೋಣೆಯಲ್ಲೇ ಮಗ್ಗ. ಗಂಡ ಇಲ್ಲ, ಮಗಳೊಬ್ಬಳೇ. ಅವಳು ಬೆಳಿಗ್ಗೆ ಎಂಟರ ಬಸ್ಸಿಗೆ ಕುಂದಾಪುರದ ಬಟ್ಟೆ ಅಂಗಡಿಗೆ ಹೋದರೆ ಬರುವುದು ಸಂಜೆಗೆ. ಅಕ್ಕ ನನ್ನನ್ನು ತಂಗಿ ಎನ್ನುತ್ತಿದ್ದರು, ಆದರೂ ಆಫೀಸಿನವಳು ಎಂದು ಬಹುವಚನ ಬಿಡುತ್ತಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣು ಆಗಲೇ ಬರೀ ನೆರಳು ಕಾಣುವಷ್ಟಕ್ಕೆ ಬಂದಿತ್ತು. ಅದರ ನರವೇ ಸೋತಿದೆ, ಅದಕ್ಕೆ ಆಪರೇಷನ್ ಮಾಡಿಯೂ ಪ್ರಯೋಜನ ಇಲ್ಲ ಎಂದಿದ್ದರು ಡಾಕ್ಟರು. ಉಳಿದದ್ದು ಬಲಗಣ್ಣು. ಅದೊಂದು ಸರಿಯಾದರೆ ಇನ್ನು ಹತ್ತು ವರ್ಷ ಮಗ್ಗಕ್ಕೆ ಕೂರಬಹುದಿತ್ತು. ಸೀರೆ ಮುಕ್ಕಾಲು ಮುಗಿದಿತ್ತು, ಅಷ್ಟರಲ್ಲಿ ಕುಂದಾಪುರದ ಆಸ್ಪತ್ರೆಯಲ್ಲಿ ಯಾರದೋ ಪಾಳಿ ತಪ್ಪಿ ಇವರಿಗೆ ಸಿಕ್ಕಿತು. ಫೆಬ್ರವರಿ ಇಪ್ಪತ್ತಕ್ಕೆ ಆಪರೇಷನ್ ಆಗಿಹೋಯಿತು.

ಎರಡನೆಯ ದಿನ ಮಗಳು ಆಫೀಸಿಗೆ ಫೋನ್ ಮಾಡಿದಳು.

“ಒಂದ್ ತಿಂಗಳ್ ಮಗ್ಗದ್ ಹತ್ರ ಹೋಪುಕಿಲ್ಲೆ ಅಂದಿರ್ ಅಕ್ಕಾ. ಧೂಳ್ ಆಗ, ಹೊಗೆ ಆಗ, ಬೆವರ್ ಕಣ್ಣಿಗೆ ಇಳುಕಾಗ. ಸೀರೆ ಬಾಕಿ ಇತ್ತಲೆ, ನೀವ್ ಎಂತಾರೂ ಮಾಡಿ.”

ಮಗ್ಗದ ಧೂಳೆಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಾಸು ನೂಲಿಗೆ ಗಂಜಿ ಹಾಕಿ ಒಣಗಿಸಿರುತ್ತಾರೆ. ಲಾಳಿ ಓಡಿದಾಗಲೆಲ್ಲ, ಹಲಗೆ ಬಡಿದಾಗಲೆಲ್ಲ, ಒಣಗಿದ ಗಂಜಿ ಮತ್ತು ಹತ್ತಿಯ ಸಣ್ಣ ಎಳೆಗಳು ಏಳುತ್ತವೆ. ಸಂಜೆ ನೋಡಿದರೆ ಹುಬ್ಬಿನ ಮೇಲೆಲ್ಲ ಬಿಳಿ. ಮಾರ್ಚ್ ತಿಂಗಳ ಸೆಕೆಯಲ್ಲಿ ಅದರ ಮೇಲೆ ಬೆವರು ಬೇರೆ.

ಅದೇ ಹೊತ್ತಿಗೆ ಸರಿಯಾಗಿ ಪುಣೆಯಿಂದ ಮೇಲ್ ಬಂತು. ಹತ್ತಕ್ಕೆ ಬರುತ್ತದಲ್ಲ, ರವಿಕೆ ಹೊಲಿಸಬೇಕು, ಒಂದು ಮಾತು ತಿಳಿಸಿ ಎಂದು.

ಕಾರ್ಯದರ್ಶಿ ನನ್ನ ಹೆಗಲ ಮೇಲಿಂದ ಓದಿದರು. “ಅನಿವಾರ್ಯ ಕಾರಣ ಅಂದ್ ಬರ್ದ್ ಬಿಡಿ ಮಾರಾಯ್ರೆ. ಉಳ್ದದ್ದನ್ನ್ ಬೇರೆ ಯಾರ್ ಹತ್ರಾದ್ರೂ ನೇಯ್ಸುವ.”

“ಬೇರೆಯವ್ರ್ ಕೂತ್ರೆ ಗುರ್ತ ಆತಿಲ್ಯಾ?” ಎಂದೆ.

ಅವರಿಗೂ ಗೊತ್ತಿದ್ದದ್ದೇ. ಒಬ್ಬೊಬ್ಬರು ಹಲಗೆ ಬಡಿಯುವ ಬಲ ಒಂದೊಂದು. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹಿಡಿದರೆ ಹೊಕ್ಕು ನೂಲು ಒತ್ತಾಗುತ್ತದೆ, ಇಲ್ಲವೇ ಸಡಿಲವಾಗುತ್ತದೆ. ಸೀರೆಯನ್ನು ಬೆಳಕಿಗೆ ಹಿಡಿದರೆ ಕೈ ಬದಲಾದ ಜಾಗ ಅಡ್ಡ ಗೆರೆಯಾಗಿ ಕಾಣುತ್ತದೆ. ಅಂಥ ಸೀರೆಯನ್ನು ನಮ್ಮ ಸೊಸೈಟಿ ಒಳ್ಳೆಯ ಬೆಲೆಗೆ ಮಾರುವುದಿಲ್ಲ.

ಆ ದಿನ ಯಾಕೋ ಹಳೆಯ ಸಾಲು ಬಿಸಾಡಲು ನನಗೆ ಮನಸ್ಸಾಗಲಿಲ್ಲ. ಎಂಬತ್ತು ವರ್ಷದ ಅಮ್ಮನಿಗೆಂದು ಕನ್ನಡದಲ್ಲಿ ಬರೆದಿದ್ದಾರೆ, ಅವರಿಗೂ ಹಾಳು ಅನಿವಾರ್ಯವೇ ಎಂದು ನನಗೇ ನಾಚಿಕೆಯಾಯಿತು. ಕಣ್ಣಿನ ಸಂಗತಿ ಹಾಕಬಹುದಾ ಎಂದು ಮಗಳನ್ನೇ ಕೇಳಿದೆ. “ಹಾಕಿ, ಸತ್ಯ ಅಲ್ದಾ” ಎಂದಳು. ಕೂತು ಲೆಕ್ಕ ಹಾಕಿದೆ. ತಿಂಗಳೆಂದರೆ ಮಾರ್ಚ್ ಇಪ್ಪತ್ತು. ಬಾಕಿ ಇರುವುದು ಎರಡು ದಿನದ ನೇಯ್ಗೆ. ಇಪ್ಪತ್ತಮೂರಕ್ಕೆ ಕೊರಿಯರ್. ಪುಣೆಗೆ ನಾಲ್ಕು ದಿನ, ಮೇಲೊಂದು ದಿನ ಇರಲಿ. ಪೂಜೆಗೆ ಇನ್ನೂ ಸಮಯ ಉಳಿಯುತ್ತದೆ. ಹೀಗೆ ಬರೆದೆ:

‘ನಮಸ್ಕಾರ. ನಿಮ್ಮ ಸೀರೆ ಮಾರ್ಚ್ ಹತ್ತಕ್ಕೆ ತಲುಪುತ್ತದೆ ಎಂದಿದ್ದೆವು. ತಲುಪುವುದಿಲ್ಲ, ದಯವಿಟ್ಟು ಕ್ಷಮಿಸಿ. ಅದನ್ನು ನೇಯುತ್ತಿರುವವರಿಗೆ ಮೊನ್ನೆ ಕಣ್ಣಿನ ಪೊರೆಯ ಆಪರೇಷನ್ ಆಗಿದೆ. ಡಾಕ್ಟರು ಹೇಳಿದಂತೆ ಅವರು ಮಾರ್ಚ್ ಇಪ್ಪತ್ತರವರೆಗೆ ಮಗ್ಗಕ್ಕೆ ಕೂರುವುದಿಲ್ಲ. ಮುಕ್ಕಾಲು ಸೀರೆ ಮುಗಿದಿದೆ. ಉಳಿದದ್ದನ್ನು ಬೇರೆಯವರು ನೇಯ್ದರೆ ಕೈ ಬದಲಾದದ್ದು ಬಟ್ಟೆಯಲ್ಲಿ ಕಾಣುತ್ತದೆ, ಆದ್ದರಿಂದ ಅವರಿಗಾಗಿ ಕಾಯುತ್ತಿದ್ದೇವೆ. ಮಾರ್ಚ್ ಇಪ್ಪತ್ತಮೂರಕ್ಕೆ ಇಲ್ಲಿಂದ ಕೊರಿಯರ್ ಮಾಡಿ ಅದರ ನಂಬರು ಕಳಿಸುತ್ತೇನೆ. ಇಪ್ಪತ್ತೆಂಟರೊಳಗೆ ನಿಮ್ಮ ಕೈ ಸೇರುತ್ತದೆ. ನೀವು ಕಟ್ಟಿದ ಕೊರಿಯರ್ ಖರ್ಚನ್ನು ಈ ವಾರವೇ ಹಿಂದಿರುಗಿಸುತ್ತೇವೆ. ರವಿಕೆ ಹೊಲಿಸಲು ಬೇಕಾದ ಬಟ್ಟೆಯನ್ನು ನಾಳೆಯೇ ಬೇರೆಯಾಗಿ ಕಳಿಸುತ್ತೇವೆ. ಅಷ್ಟು ದಿನ ಕಾಯಲಾಗದಿದ್ದರೆ ಇದೇ ಹಸಿರಿನ, ಅಂಚು ಸ್ವಲ್ಪ ಸಣ್ಣದಾದ ಸೀರೆಯೊಂದು ಸಿದ್ಧವಿದೆ, ಫೋಟೊ ಜೊತೆಗಿಟ್ಟಿದ್ದೇನೆ. ಅದೂ ಬೇಡವಾದರೆ ಪೂರ್ತಿ ಹಣ ವಾಪಸು ಕೊಡುತ್ತೇವೆ. ಯಾವುದು ಅನುಕೂಲ, ತಿಳಿಸಿ.’

ಕಾರ್ಯದರ್ಶಿ ಓದಿ, “ಕತೆ ಬರ್ದದ್ದಾ?” ಎಂದರು. ಆದರೆ ಕಳಿಸಬೇಡಿ ಎನ್ನಲಿಲ್ಲ. ಅರ್ಧ ಗಂಟೆಯೊಳಗೆ ಉತ್ತರ ಬಂತು: ‘ಕಾಯುತ್ತೇವೆ. ಅವರ ಕಣ್ಣು ಮೊದಲು.’ ನನಗೆ ಎಷ್ಟು ಖುಷಿಯಾಯಿತೆಂದರೆ, ಇಷ್ಟು ವರ್ಷ ಸುಮ್ಮನೆ ಜನರ ಮೇಲೆ ಸಿಡಿಮಿಡಿ ಮಾಡಿದೆನಲ್ಲ ಎನಿಸಿತು.

ಇನ್ನು ನಮ್ಮ ಸೊಸೈಟಿಯ ಒಂದು ಪದ್ಧತಿ ಹೇಳಬೇಕು. ಗಿರಾಕಿಗೆ ಒಂದು ತಾರೀಖು, ನೇಕಾರರಿಗೆ ಒಂದು ತಾರೀಖು. ಸೀರೆ ಆಫೀಸಿಗೆ ಬರಬೇಕಾದ ದಿನಕ್ಕಿಂತ ಹತ್ತು ದಿನ ಮೊದಲಿನ ದಿನವನ್ನೇ ನೇಕಾರರಿಗೆ ಹೇಳುವುದು. ನಾನು ಸೇರುವ ಎಷ್ಟೋ ಮೊದಲಿನಿಂದ ನಡೆದುಕೊಂಡು ಬಂದದ್ದು. ಮದುವೆ, ಗದ್ದೆ ಕೊಯ್ಲು, ಮೈಗೆ ಹುಷಾರಿಲ್ಲ, ನೆಂಟರು ಬಂದರು ಎಂದು ಎಲ್ಲರೂ ನಾಲ್ಕು ದಿನ ಎಳೆಯುತ್ತಾರೆ. ಹತ್ತು ದಿನ ಕಳೆದು ಹೇಳಿದರೆ ಹೇಗೂ ಸರಿಹೋಗುತ್ತದೆ. ನೇಕಾರರಲ್ಲಿ ಹೆಚ್ಚಿನವರಿಗೆ ಇದರ ವಾಸನೆ ಇತ್ತು, ಅವರೂ ಅದಕ್ಕೆ ಸರಿಯಾಗಿ ಎಳೆಯುತ್ತಿದ್ದರು. ಇದನ್ನು ಯಾರೂ ಸುಳ್ಳು ಎಂದುಕೊಂಡಿರಲಿಲ್ಲ. ನಾನೂ ಅಷ್ಟೇ.

ಎರಡು ದಿನ ಬಿಟ್ಟು ಸ್ಕೂಟರಿನಲ್ಲಿ ಅಕ್ಕನನ್ನು ನೋಡಿಕೊಂಡು ಬರಲು ಹೋದೆ. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಚಿಟ್ಟೆಯ ಮೇಲೆ ಕೂತಿದ್ದರು. ಮುಖದಲ್ಲಿ ಬಹಳ ಗೆಲುವಿತ್ತು.

“ಪಟ್ಟಿ ಬಿಚ್ಚಿದ್ ಕೂಡ್ಲೆ ಗೋಡೆ ಗಡಿಯಾರದ್ ಸಣ್ಣ ಮುಳ್ಳೂ ಕಾಂಬುಕಾಯ್ತ್ ತಂಗಿ” ಎಂದರು. “ನನ್ ಮಗ್ಳಿಗೆ ಬೆಳಿ ಕೂದ್ಲ್ ಬಂದದ್ ನಂಗ್ ಗೊತ್ತೇ ಇರ್ಲಿಲ್ಲೆ ಕಾಣಿ.”

ಇಬ್ಬರೂ ನಗಾಡಿದೆವು. ಆಮೇಲೆ ಅವರೇ ಕೇಳಿದರು. “ಆ ಹಸ್ರ್ ಸೀರೆದ್ ಎಂತ ಮಾಡುದ್? ಪುಣೆಯವ್ರ್ ಎಂತ ಹೇಳ್ರ್?”

“ಅವ್ರಿಗೆ ಬರ್ದಿದ್ದೆ ಅಕ್ಕಾ. ಅವಸರ ಎಂತ ಇಲ್ಲೆ. ಹದಿಮೂರಕ್ಕೆ ಆಫೀಸಿಗ್ ಬಂದ್ರೆ ಸಾಕ್.”

ಹದಿಮೂರು. ನನ್ನ ಬಾಯಿಂದ ಅದು ಹೇಗೆ ಬಂತು ಎಂದು ಕೇಳಿದರೆ ನನಗೆ ಉತ್ತರ ಗೊತ್ತಿಲ್ಲ. ಯೋಚನೆ ಮಾಡಿ ಹೇಳಿದ್ದಲ್ಲ. ತಲೆಯಲ್ಲಿ ಇಪ್ಪತ್ತಮೂರು ಇತ್ತು, ನಾಲಿಗೆ ಅಭ್ಯಾಸದಂತೆ ಹತ್ತು ಕಳೆಯಿತು.

ಅಕ್ಕ ಬೆರಳು ಮಡಿಸಿ ಎಣಿಸಿದರು. “ಹದಿಮೂರಾ? ಆಯ್ಲಿ” ಎಂದರು.

ಪೇತ್ರಿ ದಾಟಿ ಬರುವಾಗ ನನಗೆ ಹೊಳೆಯಿತು, ಹದಿಮೂರು ಎಂದೆನಲ್ಲ ಎಂದು. ಸ್ಕೂಟರ್ ನಿಲ್ಲಿಸಿದೆ ಕೂಡ. ತಿರುಗಿ ಹೋದರೆ ಇನ್ನು ಹದಿನೈದು ನಿಮಿಷ. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಡಾಕ್ಟರು ಹೇಳಿದ ಮೇಲೆ ಅವರು ಹೇಗೂ ಕೂರುವುದಿಲ್ಲ, ಮಗಳು ಬಿಡುವುದೂ ಇಲ್ಲ, ಫೋನ್ ಮಾಡಿ ಹೇಳಿದರಾಯಿತು ಎಂದುಕೊಂಡು ಮುಂದೆ ಬಂದೆ. ಫೋನ್ ಮಾಡಲಿಲ್ಲ. ಮಾರ್ಚ್ ಬಂತೆಂದರೆ ವರ್ಷದ ಕೊನೆ, ಆಡಿಟ್ಟಿನ ಕಾಗದಗಳು, ಬೇರೆ ಬೇರೆ ಆರ್ಡರುಗಳು. ಮರೆತೇ ಹೋಯಿತು. ಮರೆತೆ ಎನ್ನುವುದಕ್ಕಿಂತ ದೊಡ್ಡ ಸಬೂಬು ನನ್ನಲ್ಲಿಲ್ಲ.

ಮಾರ್ಚ್ ಹನ್ನೆರಡಕ್ಕೆ ಮಧ್ಯಾಹ್ನ ಅಕ್ಕನೇ ಬಸ್ಸಿನಲ್ಲಿ ಬಂದು ಆಫೀಸಿನ ಮೆಟ್ಟಿಲು ಹತ್ತಿದರು. ಕಪ್ಪು ಕನ್ನಡಕ, ಕಂಕುಳಲ್ಲಿ ಕಾಗದ ಸುತ್ತಿದ ಸೀರೆ.

“ತಕಣಿ ತಂಗಿ. ನಾಳೆ ಅಂದದ್ದ್ ಇವತ್ತೇ ತಂದೆ.”

“ಇಷ್ಟ್ ಬೇಗ ಎಂತಕ್ಕೆ ಕೂತದ್ ಅಕ್ಕಾ?”

“ದಿನಕ್ ಸೊಲ್ಪ ಸೊಲ್ಪ ಕೂಕಂಡೆ. ಮಗ್ಳ್ ಬಪ್ಪುದ್ರೊಳ್ಗೆ ಎದ್ಕಂತಿದ್ದೆ. ಅವ್ಳಿಗ್ ಹೇಳ್ಬೇಡಿ, ಬೈತ್ಳ್.”

ಕನ್ನಡಕ ತೆಗೆದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಬಲಗಣ್ಣು ಕೆಂಪಗಿತ್ತು, ನೀರು ಇಳಿಯುತ್ತಿತ್ತು. ಸ್ವಲ್ಪ ಉರಿ ಅಷ್ಟೇ ಎಂದರು. ಡಾಕ್ಟರಿಗೆ ತೋರಿಸಿ ಅಕ್ಕಾ ಎಂದೆ ನಾನು, ಹಾಗೆಂದು ಸೀರೆ ಬಿಚ್ಚಿ ಬೆಳಕಿಗೆ ಹಿಡಿದೆ. ಎಲ್ಲಿ ನಿಲ್ಲಿಸಿದ್ದರು, ಎಲ್ಲಿಂದ ಹಿಡಿದರು ಎಂದು ಹುಡುಕಿದರೂ ಸಿಗಲಿಲ್ಲ. ಅಷ್ಟು ಸಮನಾಗಿತ್ತು. ಆಗ ನಾನು ನೋಡಬೇಕಾದದ್ದು ಸೀರೆಯನ್ನಲ್ಲ. ಅದೇ ಹೊತ್ತಿಗೆ ಆಟೋ ಹಿಡಿದು ಅವರನ್ನು ಕುಂದಾಪುರಕ್ಕೆ ಕರೆದುಕೊಂಡು ಹೋಗಿದ್ದರೆ ಕಣ್ಣು ಉಳಿಯುತ್ತಿತ್ತೋ ಏನೋ. ನಾನು ಅವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಬಸ್ಸು ಹತ್ತಿಸಿದೆ. ಮಾರನೆಯ ದಿನ ಸೀರೆ ಪುಣೆಗೆ ಹೋಯಿತು.

ಹದಿನೈದಕ್ಕೆ ಬೆಳಿಗ್ಗೆ ಅವರಿಗೆ ನೋವು ತಡೆಯಲಾಗದೆ ಮಗಳು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿಂದ ದೊಡ್ಡ ಆಸ್ಪತ್ರೆಗೆ. ಆಪರೇಷನ್ನಿನ ಗಾಯ ಪೂರ್ತಿ ಮಾಗುವ ಮೊದಲೇ ಕಣ್ಣಿನ ಒಳಗೆ ಸೋಂಕು ಇಳಿದಿದೆ, ಕೀವಾಗಿದೆ ಎಂದರು. ಕಣ್ಣಿನೊಳಗೇ ಇಂಜೆಕ್ಷನ್ ಕೊಟ್ಟರು, ಮತ್ತೊಂದು ಆಪರೇಷನ್ ಮಾಡಿದರು. ನಾನು ಸುದ್ದಿ ಕೇಳಿ ಹೋಗುವಷ್ಟರಲ್ಲಿ ಡಾಕ್ಟರು ಮಗಳಿಗೆ ಹೇಳಿಯಾಗಿತ್ತು. ಕಣ್ಣುಗುಡ್ಡೆ ಉಳಿಯಬಹುದು, ದೃಷ್ಟಿ ಬರುವುದಿಲ್ಲ.

ವಾರ್ಡಿನ ಹೊರಗೆ ಮಗಳು ಗೋಡೆಗೆ ಒರಗಿ ನಿಂತಿದ್ದಳು. ಅತ್ತು ಅತ್ತು ಸ್ವರ ಬಿದ್ದುಹೋಗಿತ್ತು.

“ಹದಿಮೂರಕ್ಕೆ ಕೊಡ್ಕಿತ್ತ್, ಅದ್ಕೇ ಕೂತದ್ ಅಂತ್ರ್ ಅಮ್ಮ. ಆ ಪುಣೆಯವ್ರಿಗೆ ಎಂತ ಅಷ್ಟ್ ಅರ್ಜೆಂಟ್ ಅಕ್ಕಾ? ಕಣ್ ಆಪರೇಷನ್ ಅಂದ್ ನೀವ್ ಬರ್ದಿದ್ರಿ ಅಲ್ದಾ? ಓದಿಯೂ ಅವ್ರಿಗೆ ಕಾಯ್ವ ಅನ್ಸ್ಲಿಲ್ಯಾ? ಅವ್ರೆಂತ ಮನ್ಷ್ಯರಾ?”

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಸಹ. “ದೊಡ್ಡ್ ಊರಿನವ್ರ್... ಅವ್ರಿಗೆಲ್ಲ ಗೊತ್ತಾತಿಲ್ಲೆ” ಎಂದೆ.

ಹಾಗೆಂದೆ. ‘ಅವರ ಕಣ್ಣು ಮೊದಲು’ ಎಂದು ಬರೆದವರ ತಲೆಗೆ ಕಟ್ಟಿದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಮನೆಗೆ ಬಂದು ಊಟ ಸೇರಲಿಲ್ಲ. ಕಾರ್ಯದರ್ಶಿಯ ಹತ್ತಿರ ಹೇಳಿಕೊಂಡೆ. “ಎಲ್ರಿಗೂ ಹೇಳುವ ಹಾಂಗೇ ಹೇಳಿದ್ದ್ ಅಲ್ದಾ, ನಿಮ್ದ್ ಒಬ್ರದ್ದೇ ತಪ್ಪಲ್ಲ” ಎಂದರು. ಅವರ ಮುಖವೂ ಬಾಡಿತ್ತು. ಸಮಾಧಾನ ಮಾತ್ರ ಆಗಲಿಲ್ಲ.

ಅಕ್ಕನನ್ನು ಮನೆಗೆ ಕರೆತಂದ ಮೇಲೆ ಮಗಳು ಒಂದು ದಿನ ಫೋನ್ ಮಾಡಿದಳು. “ಅಮ್ಮ ಕೇಂತಾ ಇದ್ರ್, ಸೀರೆ ಮುಟ್ಟಿತಾ, ಅವ್ರ್ ಎಂತಾರೂ ಬರ್ದ್ರಾ ಅಂದ್. ನೀವೊಂದ್ ಸಲ ಬನ್ನಿ ಅಕ್ಕಾ, ಅವ್ರಿಗ್ ಮನ್ಸಿಗ್ ಸಮಾಧಾನ ಆಯ್ಲಿ.”

ಬರೆದಿದ್ದರು. ಪೂಜೆಯ ಮರುದಿನವೇ ಬರೆದಿದ್ದರು. ನನಗೆ ಅದನ್ನು ಪೂರ್ತಿ ಓದುವ ಧೈರ್ಯವಿರಲಿಲ್ಲ. ಮೇಲಿನ ನಾಲ್ಕು ಸಾಲು ನೋಡಿ ಮುಚ್ಚಿಟ್ಟಿದ್ದೆ. ಈಗ ಅದನ್ನೇ ಪ್ರಿಂಟ್ ತೆಗೆದು, ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟೆ. ಅಷ್ಟಾದರೂ ಅವರಿಗೆ ಸಿಗಲಿ ಎಂದು.

ಅಕ್ಕ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನನ್ನ ಸ್ವರ ಕೇಳಿ ಮುಖ ತಿರುಗಿಸಿದರು, ಆದರೆ ನಾನು ನಿಂತ ಕಡೆಗಲ್ಲ, ಸ್ವಲ್ಪ ಆಚೆ. ಮಗ್ಗ ಹಾಗೇ ಇತ್ತು, ಮೇಲೊಂದು ಹಳೆಯ ಬೆಡ್‌ಶೀಟು ಹೊದಿಸಿದ್ದರು. ಕಾಗದವನ್ನು ಮಗಳ ಕೈಗೆ ಕೊಟ್ಟೆ. ಅವಳು ನಿಂತುಕೊಂಡೇ ಗಟ್ಟಿಯಾಗಿ ಓದಿದಳು.

‘ಸೀರೆಯನ್ನು ಅಮ್ಮನ ತೊಡೆಯ ಮೇಲಿಟ್ಟೆವು. ಅಂಚನ್ನು ಬೆರಳಿನಿಂದ ತಡವಿ, ಇದು ನಮ್ಮ ಕಡೆಯದೇ ಎಂದರು. ಪೂಜೆಯ ದಿನ ಬೆಳಿಗ್ಗೆ ಉಟ್ಟವರು ರಾತ್ರಿಯವರೆಗೆ ಬಿಚ್ಚಲಿಲ್ಲ. ನೇಯ್ದವರಿಗೆ ಅಮ್ಮನ ನಮಸ್ಕಾರ ತಿಳಿಸಿ. ಅವರ ಕಣ್ಣು ಈಗ ಹೇಗಿದೆ?’

ಅಕ್ಕನ ತುಟಿ ಅಲುಗಿತು. ನಕ್ಕದ್ದೇ ಇರಬೇಕು. ಮಗಳು ಮೂಗು ಒರೆಸಿಕೊಂಡು ಹಾಳೆ ಕೆಳಗೆ ಮಾಡಿದಳು, ಮತ್ತೆ ಮೇಲೆತ್ತಿದಳು.

“ಕೆಳ್ಗೆ ಇನ್ನೂ ಇತ್ತ್.”

ಆಗಲೇ ನನಗೆ ಗೊತ್ತಾದದ್ದು. ಅವರು ನನ್ನ ಪತ್ರಕ್ಕೇ ಉತ್ತರವಾಗಿ ಬರೆದಿದ್ದರು. ಪ್ರಿಂಟಿನಲ್ಲಿ ಅದರ ಕೆಳಗೆ ನಾನು ಬರೆದದ್ದೂ ಬಂದಿತ್ತು.

“ಅದ್ ಹಳೇದ್, ಬಿಡ್” ಎಂದು ಕೈ ಚಾಚಿದೆ.

“ಓದ್ಲಿ ತಂಗಿ, ಕೇಂತೆ” ಎಂದರು ಅಕ್ಕ. “ನೀವ್ ಬರ್ದದ್ದ್ ಹ್ಯಾಂಗಿತ್ ಕಾಂಬ.”

ಮಗಳು ಓದಿದಳು. ತಲುಪುವುದಿಲ್ಲ, ದಯವಿಟ್ಟು ಕ್ಷಮಿಸಿ. ಕಣ್ಣಿನ ಪೊರೆಯ ಆಪರೇಷನ್ ಆಗಿದೆ. ‘ಡಾಕ್ಟರು ಹೇಳಿದಂತೆ ಅವರು ಮಾರ್ಚ್ ಇಪ್ಪತ್ತರವರೆಗೆ ಮಗ್ಗಕ್ಕೆ ಕೂರುವುದಿಲ್ಲ.’ ಅಲ್ಲಿ ನಿಂತಳು. ಉಳಿದದ್ದನ್ನು ಬಾಯಿ ಮುಚ್ಚಿಕೊಂಡು ಓದಿದಳು. ಅವಳ ಕಣ್ಣು ಒಂದೊಂದೇ ಸಾಲು ಕೆಳಗಿಳಿಯುವುದನ್ನು ನಾನು ನೋಡುತ್ತ ನಿಂತಿದ್ದೆ. ಇಪ್ಪತ್ತಮೂರು, ಇಪ್ಪತ್ತೆಂಟು. ಆಮೇಲೆ ನನ್ನ ಮುಖ ನೋಡಿದಳು. ಬೈದಿದ್ದರೆ ಬದುಕುತ್ತಿದ್ದೆ. ಹಾಳೆಯನ್ನು ಮಡಚಿ ಮಂಚದ ಮೇಲಿಟ್ಟಳು.

“ಇಪ್ಪತ್ತರವರೆಗಾ?” ಎಂದು ಅಕ್ಕನೇ ಕೇಳಿದರು. ಹಾಸಿಗೆಯ ಮೇಲೆ ಬೆರಳು ಮಡಿಸಿದರು, ಬಿಡಿಸಿದರು. “ಅವ್ರ್ ಕಾಯ್ತೆ ಅಂದಿದ್ರಾ ಹಂಗಾರೆ?”

“ಹೌದ್ ಅಕ್ಕಾ” ಎಂದೆ. “ನಾವ್ ಎಲ್ರಿಗೂ ಹತ್ ದಿನ ಮುಂಚೆ ಹೇಳುದ್. ಎಲ್ರೂ ತಡ ಮಾಡ್ತ್ರ್ ಅಂದ್. ಬಾಯ್ ತಪ್ಪಿ ಬಂತ್.”

ಅವರಿಗೆ ನನ್ನ ಮೇಲೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವವರ ಹಾಗೆ, ನಾನು ಇಲ್ಲದ ಆ ಮೂಲೆಯ ಕಡೆ ಮುಖ ಮಾಡಿ ಕೇಳಿದರು.

“ನಾನ್ ಯಾವತ್ತಾರೂ ತಡ ಮಾಡಿದ್ನಾ ತಂಗಿ?”

“ಇಲ್ಲೆ ಅಕ್ಕಾ” ಎಂದೆ. “ಒಂದ್ ದಿನವೂ ಇಲ್ಲೆ.”